ಉಪ್ಪು ಇಳಿದ ಸಾರಿಗೆ ರುಚಿ ಎಲ್ಲಿಂದ ತರುವುದು?

ಪ್ರಶ್ನೆ: ನಮ್ಮ ಯಜಮಾನರಿಗೆ 54 ವರ್ಷ. ಬಿಪಿ 150/94 ಬಂದಿದೆ. ಡಾಕ್ಟರು ಟೆಲ್ಮಿಸಾರ್ಟಾನ್ ಮಾತ್ರೆ ಕೊಟ್ಟು, ಉಪ್ಪು ಅರ್ಧ ಮಾಡಿ ಅಂದಿದ್ದಾರೆ. ಮಾರನೇ ದಿನವೇ ಸಾರಿಗೆ ಅರ್ಧ ಉಪ್ಪು ಹಾಕಿದೆ. ಒಂದು ತುತ್ತು ತಿಂದು, ತಟ್ಟೆಯಲ್ಲಿ ಉಪ್ಪಿನಕಾಯಿ ಕಲಸಿಕೊಂಡು ಊಟ ಮುಗಿಸಿದರು. ಅತ್ತೆಯೂ ಸಪ್ಪೆ ಅಂತಾರೆ. ಮನೆಯಲ್ಲಿ 4 ಜನ, 1 ಕೆಜಿ ಉಪ್ಪು ಹೆಚ್ಚುಕಮ್ಮಿ ಒಂದು ತಿಂಗಳು ಬರುತ್ತದೆ. ಸೈಂಧವ ಉಪ್ಪಾದರೆ ಎಷ್ಟು ಹಾಕಿದರೂ ನಡೆಯುತ್ತೆ ಅಂತಾರೆ, ನಿಜವಾ? ಹುಳಿ, ಮಸಾಲೆ ಜಾಸ್ತಿ ಮಾಡಿ ಸರಿದೂಗಿಸಬಹುದಾ?

ಉತ್ತರ:

ಉಪ್ಪಿನ ಪ್ಯಾಕೆಟ್ ಎಷ್ಟು ದಿನ ಬರುತ್ತೆ ಅಂತ ಬರೆದಿದ್ದೀರಿ, ಅದು ತುಂಬಾ ಒಳ್ಳೆಯದಾಯಿತು. ಹೆಚ್ಚಿನವರಿಗೆ ಅದು ಗೊತ್ತೇ ಇರುವುದಿಲ್ಲ. 1 ಕೆಜಿ, 30 ದಿನ, 4 ಜನ ಅಂದರೆ ದಿನಕ್ಕೆ 33 ಗ್ರಾಂ, ತಲೆಗೆ 8 ಗ್ರಾಂ ಚಿಲ್ಲರೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ 5 ಗ್ರಾಂ ಒಳಗೆ. ಆ 5 ಗ್ರಾಂನಲ್ಲಿ ಉಪ್ಪಿನಕಾಯಿ, ಹಪ್ಪಳ, ಸಂಜೆಯ ಖಾರಾ ಮಿಕ್ಸ್ಚರ್, ಹೋಟೆಲ್ ದೋಸೆ ಎಲ್ಲವೂ ಸೇರಬೇಕು. ನಿಮ್ಮ 8 ಗ್ರಾಂ ಬರೀ ಅಡುಗೆಯದು. ಆದ್ದರಿಂದ ಡಾಕ್ಟರು ಅರ್ಧ ಅಂದಿದ್ದು ಸರಿಯಾಗಿಯೇ ಇದೆ. ತಪ್ಪಿದ್ದು ಒಂದೇ ದಿನದಲ್ಲಿ ಅರ್ಧ ಮಾಡಿದ್ದು.

ಈ ತಪ್ಪನ್ನು ನಾನೂ ಮಾಡಿದ್ದೇನೆ, ಅದೂ ಡಯಟಿಶಿಯನ್ ಆಗಿ ಕೆಲಸಕ್ಕೆ ಸೇರಿದ ಮೇಲೆ. ನಮ್ಮ ತಂದೆಗೆ ಬಿಪಿ ಅಂತ ಗೊತ್ತಾದ ದಿನವೇ ಅಮ್ಮನ ಕೈಯಿಂದ ಉಪ್ಪಿನ ಡಬ್ಬಿ ಕಿತ್ತುಕೊಂಡೆ. ಎರಡು ವಾರ ಅಪ್ಪ ಏನೂ ಮಾತಾಡದೆ ಊಟ ಮಾಡಿದರು. ಬಿಪಿ ಮಾತ್ರ ಇಳಿಯಲಿಲ್ಲ. ಒಂದು ದಿನ ಅವರ ಜುಬ್ಬಾ ಒಗೆಯಲು ಹಾಕುವಾಗ ಜೇಬಿನಲ್ಲಿ ಒಂದು ಪೊಟ್ಟಣ ಸಿಕ್ಕಿತು. ಬಿಚ್ಚಿದರೆ ಮಜ್ಜಿಗೆ ಮೆಣಸಿನಕಾಯಿ! ನಾಲಿಗೆಯಿಂದ ಒಮ್ಮೆಲೇ ಕಿತ್ತುಕೊಂಡರೆ ಅದು ಇನ್ನೊಂದು ದಾರಿ ಹುಡುಕುತ್ತದೆ. ನಿಮ್ಮ ಯಜಮಾನರು ಉಪ್ಪಿನಕಾಯಿ ಕಲಸಿಕೊಂಡದ್ದೂ ಅದೇ ಕಥೆ.

ನಾಲಿಗೆ ಹೊಂದಿಕೊಳ್ಳುತ್ತದೆ, ಆದರೆ ಅದಕ್ಕೆ ಎರಡು ಮೂರು ತಿಂಗಳು ಬೇಕು. ಹಾಗಾಗಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯಿರಿ. ಬೆಳಿಗ್ಗೆ ಒಂದು ಸಣ್ಣ ಬಟ್ಟಲಲ್ಲಿ ಆ ದಿನಕ್ಕೆಂದು ಉಪ್ಪು ಅಳೆದು ಇಟ್ಟುಬಿಡಿ. ತಿಂಡಿ, ಸಾರು, ಪಲ್ಯ, ಚಪಾತಿ ಹಿಟ್ಟು, ಎಲ್ಲಕ್ಕೂ ಅದರಿಂದಲೇ ತೆಗೆಯಬೇಕು, ಡಬ್ಬಿ ಮುಟ್ಟುವಂತಿಲ್ಲ. ಪುಡಿ ಉಪ್ಪಾದರೆ ತಲೆ ತಟ್ಟಿದ ಒಂದು ಟೀ ಚಮಚ ಹೆಚ್ಚುಕಡಿಮೆ 6 ಗ್ರಾಂ. ನೀವು ಈಗ ಐದೂವರೆ ಚಮಚದ ಹತ್ತಿರ ಹಾಕುತ್ತಿದ್ದೀರಿ. ಎರಡು ವಾರಕ್ಕೊಮ್ಮೆ ಅರ್ಧ ಚಮಚ ಇಳಿಸಿ. ಹತ್ತು ವಾರದಲ್ಲಿ ಮೂರು ಚಮಚಕ್ಕೆ ಬರುತ್ತೀರಿ, ಅಂದರೆ ತಲೆಗೆ ನಾಲ್ಕೂವರೆ ಗ್ರಾಂ. ಇಷ್ಟು ನಿಧಾನಕ್ಕೆ ಇಳಿಸಿದರೆ ಅತ್ತೆಗೆ ಯಾವ ವಾರ ಇಳಿಸಿದಿರಿ ಅಂತ ಗೊತ್ತಾಗುವುದು ಕಷ್ಟ. ಹೇಳಲೂ ಹೋಗಬೇಡಿ. ಕಲ್ಲುಪ್ಪು ಬಳಸುವವರು ಚಮಚದ ಲೆಕ್ಕ ನಂಬಬಾರದು, ಹರಳಿನ ಗಾತ್ರದ ಮೇಲೆ ತೂಕ ಬದಲಾಗುತ್ತದೆ. ಪುಡಿ ಮಾಡಿಕೊಂಡು ಅಳೆಯಿರಿ.

ಇನ್ನು ರುಚಿಯ ವಿಷಯ. ಇಲ್ಲಿ ಉಪ್ಪು ಏನು ಕೆಲಸ ಮಾಡುತ್ತೆ ಅನ್ನುವುದನ್ನು ಸ್ವಲ್ಪ ನೋಡಬೇಕು. ಅದು ಉಪ್ಪು ರುಚಿ ಕೊಡುವುದಷ್ಟೇ ಅಲ್ಲ, ಕಹಿಯನ್ನು ಮುಚ್ಚುತ್ತದೆ. ಉಪ್ಪು ಇಳಿಸಿದ ಕೂಡಲೇ ಮೆಂತ್ಯ ಸೊಪ್ಪು ಜಾಸ್ತಿ ಕಹಿ ಅನ್ನಿಸುವುದು, ಹಳೇ ಸಾರಿನ ಪುಡಿಯಲ್ಲಿ ಒಂದು ಥರದ ಒಗರು ಕಾಣುವುದು ಇದಕ್ಕೇ. ಮೊದಲೂ ಆ ಕಹಿ ಇತ್ತು, ಉಪ್ಪು ಅದನ್ನು ಅಡಗಿಸಿಟ್ಟಿತ್ತು. ಹಾಗಾಗಿ ಸುಮ್ನೆ ಮಸಾಲೆ ಎರಡರಷ್ಟು ಸುರಿದರೆ ಸಾರು ಸಪ್ಪೆಯ ಜೊತೆಗೆ ಕಹಿಯೂ ಆಗುತ್ತದೆ. ಉಪ್ಪು ಇಳಿಸಿದ ಅಡುಗೆಯಲ್ಲಿ ಮಸಾಲೆ ಜಾಸ್ತಿ ಬೇಕಾಗಿಲ್ಲ. ಹೊಸದಾಗಿ, ಹದವಾಗಿ ಹುರಿದದ್ದು ಬೇಕು.

ಹುಳಿಯದ್ದು ಇದಕ್ಕಿಂತ ಸೂಕ್ಷ್ಮ. ಸ್ವಲ್ಪ ಹುಳಿ ಇದ್ದರೆ ಇರುವ ಉಪ್ಪೇ ನಾಲಿಗೆಗೆ ಜಾಸ್ತಿ ಅನ್ನಿಸುತ್ತದೆ. ಆದರೆ ಹುಳಿ ಮಿತಿ ದಾಟಿದರೆ ಅದು ಉಲ್ಟಾ ಹೊಡೆಯುತ್ತದೆ. ಹುಣಸೆ ಜಾಸ್ತಿಯಾದ ಸಾರಿಗೆ ನಾವು ಏನು ಮಾಡುತ್ತೇವೆ? ಇನ್ನೊಂದು ಚಿಟಿಕೆ ಉಪ್ಪು, ಒಂದು ಚೂರು ಬೆಲ್ಲ. ಆ ಚಿಟಿಕೆ ಉಪ್ಪೇ ನಮಗೆ ಬೇಡವಾದದ್ದು. ಹಾಗಾಗಿ ಹುಣಸೆಯನ್ನು ಹೆಚ್ಚಿಸಬೇಡಿ, ಈಗ ಹಾಕುವುದಕ್ಕಿಂತ ತುಸು ಕಮ್ಮಿಯೇ ಇರಲಿ. ಕೊನೆಯಲ್ಲಿ, ಒಲೆ ಆರಿಸಿದ ಮೇಲೆ, ನಿಂಬೆರಸ ಹಿಂಡಿ. ಹುಣಸೆ ಕುದಿಯಬೇಕು, ಇಲ್ಲದಿದ್ದರೆ ಹಸಿ ವಾಸನೆ ಹೋಗುವುದಿಲ್ಲ. ನಿಂಬೆ ಕುದಿಯಬಾರದು, ಕುದಿಸಿದರೆ ಅದರ ಪರಿಮಳ ಹಾರಿ ಕಹಿ ಉಳಿಯುತ್ತದೆ. ಒಂದು ಹುಳಿ ತಳದಲ್ಲಿ, ಇನ್ನೊಂದು ಮೇಲೆ. ಈ ಎರಡು ಹುಳಿ ಸೇರಿದಾಗ ಉಪ್ಪಿನ ಕೊರತೆ ಅಷ್ಟಾಗಿ ಕಾಣುವುದಿಲ್ಲ.

ಹುಣಸೆಹಣ್ಣಿನಲ್ಲೇ ಒಂದು ಮೋಸವಿದೆ. ಬೇಸಿಗೆಯಲ್ಲಿ ವರ್ಷಕ್ಕಾಗುವಷ್ಟು ಹುಣಸೆ ತಂದು, ಬೀಜ ಬಿಡಿಸಿ, ಹುಳು ಬೀಳದಿರಲಿ ಅಂತ ಕಲ್ಲುಪ್ಪು ಬೆರೆಸಿ ಜಾಡಿಗೆ ತುಂಬುವ ಪದ್ಧತಿ ಎಷ್ಟೋ ಮನೆಗಳಲ್ಲಿದೆ. ನಿಮ್ಮ ಅತ್ತೆಯವರೂ ಹಾಗೆ ಮಾಡಿರಬಹುದು, ಒಮ್ಮೆ ಕೇಳಿ. ಒಂದು ಚೂರು ನಾಲಿಗೆ ಮೇಲಿಟ್ಟು ನೋಡಿದರೂ ಗೊತ್ತಾಗುತ್ತದೆ, ಮೊದಲು ಉಪ್ಪು, ಆಮೇಲೆ ಹುಳಿ. ಅಳೆದಿಟ್ಟ ಬಟ್ಟಲನ್ನು ತಪ್ಪಿಸಿಕೊಂಡು ಹೀಗೆ ಉಪ್ಪು ಸಾರಿಗೆ ಬಂದುಬಿಡುತ್ತದೆ. ಒಣಗಿಸಿ ಮಾರುವ ಪುನರ್ಪುಳಿ ಸಿಪ್ಪೆಯಲ್ಲೂ ಕೆಲವು ಕಡೆ ಉಪ್ಪು ಹಾಕಿರುತ್ತಾರೆ. ಮುಂದಿನ ವರ್ಷಕ್ಕೆ ಹುಣಸೆಯನ್ನು ಚೆನ್ನಾಗಿ ಬಿಸಿಲಿಗೆ ಒಣಗಿಸಿ, ಉಪ್ಪಿಲ್ಲದೆ, ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಡಿ. ಈ ವರ್ಷದ್ದನ್ನು ಬಿಸಾಡಬೇಕಿಲ್ಲ, ಅದನ್ನು ಹಾಕಿದ ದಿನ ಸಾರಿಗೆ ಬೇರೆ ಉಪ್ಪನ್ನು ಎಲ್ಲ ಮುಗಿದ ಮೇಲೆ ರುಚಿ ನೋಡಿಯೇ ಹಾಕಿ.

ಈಗ ಒಂದು ಸಾರನ್ನು ಪೂರ್ತಿ ಮಾಡೋಣ. 4 ಜನಕ್ಕೆ, ಸುಮಾರು 1 ಲೀಟರ್ ತೊಗರಿಬೇಳೆ ಸಾರು. ಸಾಧಾರಣವಾಗಿ ಇದಕ್ಕೆ ಒಂದೂವರೆ ಚಮಚ, ಅಂದರೆ 9 ಗ್ರಾಂ ಉಪ್ಪು ಬೀಳುತ್ತದೆ. ನಾವು ಮುಟ್ಟಬೇಕಾದ್ದು ಮುಕ್ಕಾಲು ಚಮಚ.

ಮೊದಲು ಪುಡಿ. ವರ್ಷಕ್ಕೊಮ್ಮೆ ಮಿಲ್ಲಿಗೆ ಕೊಟ್ಟು ಮಾಡಿಸಿದ ಪುಡಿ ಇದಕ್ಕೆ ಆಗುವುದಿಲ್ಲ, ಅದರ ಪರಿಮಳದ ಎಣ್ಣೆ ಎಂದೋ ಹಾರಿಹೋಗಿರುತ್ತದೆ. ಅಂಗಡಿ ಪುಡಿಯಾದರೆ ಪ್ಯಾಕೆಟ್ ಹಿಂದೆ ಓದಿ, ಕೆಲವದರಲ್ಲಿ ಉಪ್ಪೂ ಇರುತ್ತದೆ. ಒಂದು ವಾರಕ್ಕಾಗುವಷ್ಟು ಮಾತ್ರ ಮಾಡಿಕೊಳ್ಳಿ. 4 ದೊಡ್ಡ ಚಮಚ ಧನಿಯಾ, 1 ದೊಡ್ಡ ಚಮಚ ಜೀರಿಗೆ, 1 ಟೀ ಚಮಚ ಕಾಳುಮೆಣಸು, 6 ಬ್ಯಾಡಗಿ ಮೆಣಸಿನಕಾಯಿ, ಕಾಲು ಟೀ ಚಮಚ ಮೆಂತ್ಯ, ಒಂದು ಹಿಡಿ ಕರಿಬೇವು. ಎಲ್ಲವನ್ನೂ ಒಟ್ಟಿಗೆ ಬಾಣಲೆಗೆ ಸುರಿಯಬೇಡಿ. ಧನಿಯಾ ಹದಕ್ಕೆ ಬರುವಷ್ಟರಲ್ಲಿ ಜೀರಿಗೆ ಸೀದಿರುತ್ತದೆ.

ಸಣ್ಣ ಉರಿಯಲ್ಲಿ ಧನಿಯಾ ಮೊದಲು. ಅದರ ಬಣ್ಣ ಒಂದು ಮಟ್ಟ ಗಾಢವಾಗಿ, ಅಡುಗೆಮನೆ ದಾಟಿ ನಡುಮನೆಗೆ ವಾಸನೆ ಹೋದಾಗ ತೆಗೆಯಿರಿ. ಆಮೇಲೆ ಕಾಳುಮೆಣಸು, ಒಂದೆರಡು ಕಾಳು ಪಟ್ ಅಂದರೆ ಸಾಕು. ಮೆಣಸಿನಕಾಯಿ ಉಬ್ಬಿ ಗರಿಗರಿಯಾಗಬೇಕು, ಕಪ್ಪು ಮಚ್ಚೆ ಬರಬಾರದು. ಮೆಂತ್ಯ ನಸುಗೆಂಪಾದ ಕೂಡಲೇ ತಟ್ಟೆಗೆ. ಮೆಂತ್ಯದಲ್ಲಿ ಒಂದು ಗಳಿಗೆ ಮೈಮರೆತರೂ ಕೆಲಸ ಕೆಡುತ್ತದೆ. ಮೊದಲು ಉಪ್ಪು ಆ ಕಹಿಯನ್ನು ಮುಚ್ಚುತ್ತಿತ್ತು, ಈಗ ಮುಚ್ಚುವವರಿಲ್ಲ. ಜೀರಿಗೆ, ಕರಿಬೇವನ್ನು ಒಲೆ ಆರಿಸಿದ ಮೇಲೆ ಬಾಣಲೆಯ ಬಿಸಿಯಲ್ಲೇ ಹುರಿದರೆ ಸಾಕು. ಪೂರ್ತಿ ಆರಿದ ಮೇಲೆ ತರಿತರಿಯಾಗಿ ಪುಡಿ ಮಾಡಿ. ಬಿಸಿ ಇರುವಾಗ ಮಿಕ್ಸಿಗೆ ಹಾಕಿದರೆ ಆವಿ ಕಟ್ಟಿ ಪುಡಿ ಮುದ್ದೆಯಾಗುತ್ತದೆ, ಪರಿಮಳವೂ ಮುಚ್ಚಳ ತೆಗೆದಾಗ ಹೊರಗೆ ಹೋಗುತ್ತದೆ.

ಅರ್ಧ ಕಪ್ ತೊಗರಿಬೇಳೆಯನ್ನು ಅರಿಶಿನ, ಒಂದು ತೊಟ್ಟು ಎಣ್ಣೆ ಹಾಕಿ ಬೇಯಿಸಿ. ಉಪ್ಪು ಬೇಡ. ಎರಡು ನಾಟಿ ಟೊಮೆಟೊವನ್ನು ಬದನೆಕಾಯಿ ಸುಡುವ ಹಾಗೆ ನೇರ ಉರಿಯ ಮೇಲೆ ಸುಡಿ. ಸಿಪ್ಪೆ ಕಪ್ಪಾಗಿ ಬಿರಿಯಬೇಕು, ಒಳಗೆ ಮೆತ್ತಗಾಗಬೇಕು. ಸಿಪ್ಪೆ ಪೂರ್ತಿ ತೆಗೆದು (ಕರಿ ಉಳಿದರೆ ಅದೂ ಕಹಿ) ಕೈಯಲ್ಲೇ ಕಿವುಚಿ. ಟೊಮೆಟೊದಲ್ಲಿ ಹುಳಿಯ ಜೊತೆಗೆ ನಾಲಿಗೆ ತುಂಬುವಂಥ ಇನ್ನೊಂದು ರುಚಿ ಇದೆ, ಅಣಬೆಯಲ್ಲಿ, ಹುರುಳಿ ಕಟ್ಟಿನಲ್ಲಿ ಸಿಗುವಂಥದ್ದು. ಸುಟ್ಟಾಗ ಟೊಮೆಟೊದ ನೀರು ಸ್ವಲ್ಪ ಆರಿ ಅದು ಗಟ್ಟಿಯಾಗುತ್ತದೆ, ಹೊಗೆಯ ಘಮವೂ ಸೇರುತ್ತದೆ. ಬಸ್ಸಾರು ಮಾಡುವ ಮನೆಯವರಾದರೆ ನಿಮಗೆ ಇದು ಹೇಳಬೇಕಾಗಿಲ್ಲ, ಕಟ್ಟು ಗಟ್ಟಿಯಾಗಿದ್ದ ದಿನ ಉಪ್ಪು ಒಂದು ಕಲ್ಲು ಕಮ್ಮಿಯಾದರೂ ಯಾರೂ ಕೇಳುವುದಿಲ್ಲ.

ಒಂದು ಸಣ್ಣ ಅಡಿಕೆ ಗಾತ್ರದ ಹುಣಸೆ ನೆನೆಸಿದ ರಸ, ಕಿವುಚಿದ ಟೊಮೆಟೊ, 2 ಟೀ ಚಮಚ ಹೊಸ ಪುಡಿ, ನೀರು ಸೇರಿಸಿ ಹತ್ತು ನಿಮಿಷ ಕುದಿಸಿ. ಬೇಳೆ ಸೇರಿಸಿ ಇನ್ನೊಂದು ಕುದಿ. ಈಗ ಒಲೆ ಆರಿಸಿ, ಅಳೆದ ಉಪ್ಪು ಹಾಕಿ ಕಲಕಿ. ಮೊದಲೇ ಉಪ್ಪು ಹಾಕಿ ಕುದಿಸಿದರೆ ನೀರು ಇಂಗಿದಂತೆ ಉಪ್ಪಿನ ಅಂದಾಜು ತಪ್ಪುತ್ತದೆ. ಕುದಿಯುವ ಸಾರನ್ನು ಸೌಟಿನಿಂದ ಅಂಗೈಗೆ ಹಾಕಿ ನೆಕ್ಕಿ ರುಚಿ ನೋಡುವ ಅಭ್ಯಾಸವೂ ಬಿಡಿ. ಅಷ್ಟು ಬಿಸಿಯಲ್ಲಿ ನಾಲಿಗೆಗೆ ಉಪ್ಪು ಸರಿಯಾಗಿ ತಿಳಿಯುವುದಿಲ್ಲ, ಕೈ ತಾನಾಗಿ ಡಬ್ಬಿಯ ಕಡೆ ಹೋಗುತ್ತದೆ. ಉಣ್ಣುವಷ್ಟು ಬಿಸಿಗೆ ಬಂದ ಮೇಲೆ ನೋಡಿ.

ಒಗ್ಗರಣೆಗೆ ಒಂದು ಟೀ ಚಮಚ ತುಪ್ಪ, ಸಾಸಿವೆ, ಚಿಟಿಕೆ ಇಂಗು, ಜಜ್ಜಿದ ನಾಲ್ಕೈದು ಎಸಳು ಬೆಳ್ಳುಳ್ಳಿ, ಕರಿಬೇವು. ಸಾರಿಗೆ ಹಾಕಿದ ಕೂಡಲೇ ಮುಚ್ಚಳ ಮುಚ್ಚಿ ಐದು ನಿಮಿಷ ಬಿಡಿ. ಕೊನೆಗೆ ಒಂದು ಟೀ ಚಮಚ ನಿಂಬೆರಸ, ಕೊತ್ತಂಬರಿ ಸೊಪ್ಪು. ಮೊದಲ ಎರಡು ವಾರ ಈ ಎಲ್ಲ ಮಾಡಿಯೂ ಉಪ್ಪನ್ನು ಒಂದೂಕಾಲು ಚಮಚದಲ್ಲೇ ಇಡಿ. ಮುಕ್ಕಾಲಿಗೆ ಆತುರ ಬೇಡ.

ರಾತ್ರಿಗೆ ಉಳಿದ ಸಾರನ್ನು ಮತ್ತೆ ಕುದಿಸಿದಾಗ ಗಟ್ಟಿಯಾಗುತ್ತದೆ, ಅಲ್ವಾ? ಆಗ ಒಂದು ಲೋಟ ಬಿಸಿನೀರು ಹಾಕಿ, ಮತ್ತೆ ನಾಲ್ಕು ಹನಿ ನಿಂಬೆ ಹಿಂಡಿ. ಉಪ್ಪಿನ ತಂಟೆಗೆ ಹೋಗಬೇಡಿ.

ಪಲ್ಯದಲ್ಲಿ ಇದಕ್ಕಿಂತ ಸುಲಭ. ಸಾರಿನಲ್ಲಿ ಉಪ್ಪು ಎಲ್ಲ ಕಡೆ ಕರಗಿಬಿಡುತ್ತದೆ. ಪಲ್ಯದಲ್ಲಿ ಅದನ್ನು ತರಕಾರಿಯ ಮೈಮೇಲೆ ನಿಲ್ಲಿಸಬಹುದು. ಹುರುಳಿಕಾಯಿ ಬೇಯುವಾಗ ಉಪ್ಪು ಹಾಕಿದರೆ ಒಳಗೆ ಇಳಿಯುತ್ತದೆ, ನಾಲಿಗೆಗೆ ತಾಗುವುದು ಸ್ವಲ್ಪವೇ. ಬೆಂದು, ನೀರು ಆರಿ, ತೆಂಗಿನತುರಿ ಹಾಕುವ ಹೊತ್ತಿಗೆ ನುಣ್ಣನೆ ಉಪ್ಪು ಉದುರಿಸಿದರೆ ಅರ್ಧದಲ್ಲೇ ಅಷ್ಟು ರುಚಿ ಬರುತ್ತದೆ. ಸೊಪ್ಪಿನ ಪಲ್ಯಕ್ಕಂತೂ ಬಾಡಿ ಇಳಿದ ಮೇಲೆಯೇ ಉಪ್ಪು. ಬಾಣಲೆ ತುಂಬ ಇದ್ದಾಗ ಹಾಕಿದ ಉಪ್ಪು ಒಂದು ಹಿಡಿ ಸೊಪ್ಪಿನಲ್ಲಿ ಉಳಿಯುತ್ತದೆ. ಮಜ್ಜಿಗೆಗೆ ಉಪ್ಪೇ ಬೇಡ, ತುಸು ಹುಳಿ ಬಂದ ಮೊಸರು ಕಡೆದು ಶುಂಠಿ, ಕರಿಬೇವು ಜಜ್ಜಿ, ಹುರಿದ ಜೀರಿಗೆ ಪುಡಿ ಹಾಕಿ ಕೊಡಿ.

ಉಪ್ಪಿನಕಾಯಿ ಬಗ್ಗೆ ಸ್ವಲ್ಪ ಕಟುವಾಗಿ ಹೇಳಬೇಕು. ಒಂದು ಟೀ ಚಮಚ ಉಪ್ಪಿನಕಾಯಿಯಲ್ಲಿ 1 ಗ್ರಾಂ ಹತ್ತಿರ ಉಪ್ಪು ಇರಬಹುದು. ನೀವು ಸಾರಿನಲ್ಲಿ ಇಷ್ಟೆಲ್ಲ ಕಷ್ಟಪಟ್ಟು ಒಬ್ಬರಿಗೆ ಉಳಿಸುವುದೂ ಸುಮಾರು 1 ಗ್ರಾಂ. ಒಂದು ಚಮಚದಲ್ಲಿ ಲೆಕ್ಕ ಚುಕ್ತಾ ಆಯಿತು. ಹಾಗಂತ ಕಡಿಮೆ ಉಪ್ಪಿನ ಉಪ್ಪಿನಕಾಯಿ ಹಾಕಿ ಜಾಡಿಯಲ್ಲಿ ಇಡಲು ಹೋಗಬೇಡಿ. ಅಲ್ಲಿ ಉಪ್ಪು ರುಚಿಗಿಂತ ಕೆಡದಂತೆ ಕಾಯಲು ಇರುವುದು, ಕಮ್ಮಿ ಮಾಡಿದರೆ ಬೂಸ್ಟು ಹಿಡಿಯುತ್ತದೆ. ಅದರ ಬದಲು ಸಣ್ಣಗೆ ಹೆಚ್ಚಿದ ನೆಲ್ಲಿಕಾಯಿ ಅಥವಾ ಮಾವಿನಕಾಯಿ, ಶುಂಠಿ, ಹಸಿಮೆಣಸಿನಕಾಯಿಗೆ ನಿಂಬೆರಸ ಹಿಂಡಿ, ಸಾಸಿವೆ ಇಂಗಿನ ಒಗ್ಗರಣೆ ಕೊಡಿ. ಉಪ್ಪು ಚಿಟಿಕೆ ಸಾಕು. ಫ್ರಿಜ್‌ನಲ್ಲಿ ಎರಡು ದಿನ, ಅಷ್ಟೇ. ತಟ್ಟೆಯ ತುದಿಯಲ್ಲಿ ಚುರುಕ್ ಅನ್ನುವಂಥದ್ದು ಒಂದು ಇರಬೇಕು ಅನ್ನುವವರಿಗೆ ಇದು ನಡೆಯುತ್ತದೆ. ನಮ್ಮಪ್ಪನಿಗೂ ಕೊನೆಗೆ ನಡೆದದ್ದು ಇದೇ.

ಹಪ್ಪಳ, ಸಂಡಿಗೆ, ಬೋಂಡ, ದಿಢೀರ್ ಇಡ್ಲಿಗೆ ಹಾಕುವ ಸೋಡಾ ಬಗ್ಗೆಯೂ ಗಮನ ಇರಲಿ. ಬಿಪಿಗೆ ತೊಂದರೆ ಕೊಡುವುದು ಮುಖ್ಯವಾಗಿ ಉಪ್ಪಿನಲ್ಲಿರುವ ಸೋಡಿಯಂ. ಅಡುಗೆ ಸೋಡಾದಲ್ಲೂ ಅದೇ ಇದೆ, ಉಪ್ಪಿನ ರುಚಿ ಕೊಡದೇ ಒಳಗೆ ಹೋಗುತ್ತದೆ.

ಸೈಂಧವ ಉಪ್ಪಿನ ಮಾತು ನಿಜವಲ್ಲ. ಅದು ಗುಲಾಬಿ ಬಣ್ಣದ್ದಿರಲಿ, ಬಿಳಿಯದಿರಲಿ, ಬಹುಪಾಲು ಅದೇ ಸೋಡಿಯಂ ಕ್ಲೋರೈಡ್. ಬೇರೆ ಖನಿಜ ಇದ್ದರೂ ಬಣ್ಣ ಕೊಡುವಷ್ಟು ಮಾತ್ರ. ಜೊತೆಗೆ ಅದಕ್ಕೆ ಸಾಮಾನ್ಯವಾಗಿ ಅಯೋಡಿನ್ ಸೇರಿಸಿರುವುದಿಲ್ಲ. ಮನೆಗೆ ಅಯೋಡಿನ್ ಇರುವ ಪುಡಿ ಉಪ್ಪೇ ಇರಲಿ, ಅಳತೆಯಲ್ಲಿ.

ಅಂಗಡಿಯಲ್ಲಿ ಲೋ ಸೋಡಿಯಂ ಉಪ್ಪು ಅಂತ ಇನ್ನೊಂದು ಸಿಗುತ್ತದೆ. ಅದರಲ್ಲಿ ಸೋಡಿಯಂನ ಒಂದು ಪಾಲು ತೆಗೆದು ಪೊಟ್ಯಾಸಿಯಂ ಸೇರಿಸಿರುತ್ತಾರೆ. ಅದಕ್ಕೆ ಒಳ್ಳೆಯ ಆಧಾರವೂ ಇದೆ. ಚೀನಾದ 600 ಹಳ್ಳಿಗಳಲ್ಲಿ ಐದು ವರ್ಷ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಾಲು ಭಾಗ ಪೊಟ್ಯಾಸಿಯಂ ಕ್ಲೋರೈಡ್ ಇರುವ ಉಪ್ಪು ಬಳಸಿದವರಲ್ಲಿ ಪಾರ್ಶ್ವವಾಯು ಶೇ. 14ರಷ್ಟು ಕಮ್ಮಿಯಾಗಿತ್ತು. ಆದರೆ ನಿಮ್ಮ ಮನೆಗೆ ಅದನ್ನು ಈಗಲೇ ತರಬೇಡಿ. ನಿಮ್ಮ ಯಜಮಾನರು ತೆಗೆದುಕೊಳ್ಳುವ ಟೆಲ್ಮಿಸಾರ್ಟಾನ್ ಮೈಯಲ್ಲಿ ಪೊಟ್ಯಾಸಿಯಂ ಉಳಿಸಿಕೊಳ್ಳುವ ಜಾತಿಯ ಮಾತ್ರೆ. ಹೆಸರು 'ಸಾರ್ಟಾನ್' ಅಂತಲೋ 'ಪ್ರಿಲ್' ಅಂತಲೋ ಮುಗಿಯುವ ಮಾತ್ರೆಗಳೂ, ಸ್ಪೈರೊನೊಲ್ಯಾಕ್ಟೋನ್ ಕೂಡ ಹೀಗೆಯೇ. ಅದರ ಮೇಲೆ ಈ ಉಪ್ಪೂ ಸೇರಿ, ಕಿಡ್ನಿಯೂ ಸ್ವಲ್ಪ ಮಂದವಾಗಿದ್ದರೆ, ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತ ಹದ ತಪ್ಪಬಹುದು. ಮೊದಲು ಕ್ರಿಯಾಟಿನಿನ್, ಪೊಟ್ಯಾಸಿಯಂ ಪರೀಕ್ಷೆ ಮಾಡಿಸಿ, ಡಾಕ್ಟರು ಹೂಂ ಅಂದರೆ ಮಾತ್ರ. ಅಡುಗೆ ಎಲ್ಲರಿಗೂ ಒಂದೇ ತಾನೆ, ಅತ್ತೆಯವರ ಕಿಡ್ನಿ, ಮಾತ್ರೆಗಳ ವಿಷಯವನ್ನೂ ಕೇಳಿ.

ಅತ್ತೆಯವರ ವಿಷಯದಲ್ಲಿ ಇನ್ನೊಂದು. ವಯಸ್ಸಾದವರು ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಊಟವೂ ಕಮ್ಮಿಯಿದ್ದರೆ, ರಕ್ತದಲ್ಲಿ ಸೋಡಿಯಂ ತೀರಾ ಇಳಿಯುವುದುಂಟು. ಎದ್ದು ನಿಂತಾಗ ತಲೆ ಸುತ್ತು, ವಿಪರೀತ ಸುಸ್ತು, ಮಾತಿನಲ್ಲಿ ಗೊಂದಲ ಕಂಡರೆ ನೀವೇ ಉಪ್ಪಿನ ನೀರು ಕುಡಿಸಿ ಸುಮ್ಮನಾಗಬೇಡಿ, ಡಾಕ್ಟರಿಗೆ ತೋರಿಸಿ. ವಾಂತಿ ಭೇದಿ ಆದ ದಿನಗಳಲ್ಲಿ ಈ ಬಟ್ಟಲಿನ ಲೆಕ್ಕ ಬದಿಗಿಟ್ಟು ಡಾಕ್ಟರು ಹೇಳಿದಂತೆ ಮಾಡಿ.

ಎಷ್ಟು ಫಲ ಸಿಗುತ್ತದೆ? ಹಲವು ಅಧ್ಯಯನಗಳನ್ನು ಸೇರಿಸಿ ನೋಡಿದಾಗ, ಬಿಪಿ ಇರುವವರು ದಿನಕ್ಕೆ 4 ಗ್ರಾಂ ಚಿಲ್ಲರೆ ಉಪ್ಪು ಇಳಿಸಿದರೆ ಮೇಲಿನ ಅಂಕಿ ಸರಾಸರಿ 5ರಷ್ಟು ಇಳಿದಿದೆ. ಕೆಲವರಿಗೆ ಇನ್ನೂ ಜಾಸ್ತಿ, ಕೆಲವರಿಗೆ ಏನೂ ಕಾಣದಷ್ಟು ಕಮ್ಮಿ. 150 ಇದ್ದದ್ದು ಉಪ್ಪೊಂದರಿಂದಲೇ 120ಕ್ಕೆ ಬರುತ್ತದೆ ಅಂತ ಕಾಯಬೇಡಿ, ಮಾತ್ರೆಯನ್ನೂ ನೀವಾಗಿ ನಿಲ್ಲಿಸಬೇಡಿ. ವಾರಕ್ಕೆ ಎರಡು ದಿನ, ಬೆಳಿಗ್ಗೆ ಕಾಫಿಗೂ ಮಾತ್ರೆಗೂ ಮೊದಲು, ಐದು ನಿಮಿಷ ಸುಮ್ಮನೆ ಕೂತ ಮೇಲೆ ಬಿಪಿ ನೋಡಿ ಕ್ಯಾಲೆಂಡರ್ ಮೇಲೆ ಬರೆಯಿರಿ. ಅದರ ಪಕ್ಕದಲ್ಲೇ ಆ ವಾರದ ಬಟ್ಟಲಿನಲ್ಲಿ ಎಷ್ಟು ಚಮಚ ಅಂತಲೂ ಇರಲಿ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಆ ಹಾಳೆಯನ್ನೇ ತೆಗೆದುಕೊಂಡು ಹೋಗಿ.

ಹೊಸ ಉಪ್ಪಿನ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ತಾರೀಖು ಬರೆದುಬಿಡಿ. ಹತ್ತು ವಾರ ಕಳೆದ ಮೇಲೆ ಒಡೆದದ್ದು 55 ದಿನ ಬಂದರೆ ನಿಮ್ಮ ಬಟ್ಟಲು ನಿಜ ಹೇಳುತ್ತಿದೆ ಅಂತ ಅರ್ಥ. 40 ದಿನಕ್ಕೇ ಖಾಲಿಯಾದರೆ ಯಾರೋ ರಾತ್ರಿ ಡಬ್ಬಿ ತೆಗೆಯುತ್ತಿದ್ದಾರೆ. ಯಜಮಾನರ ಜೇಬನ್ನೂ ಒಮ್ಮೆ ನೋಡಿ.